ಗುಂಯ್ ಅನ್ನುತ್ತೆ, ತಿರುಗಲ್ಲ

ದೀಪಾವಳಿಗೆ ಊರಿಗೆ ಹೋದ ಮೊದಲನೇ ಸಂಜೆ. ಕಾಫಿ ಲೋಟ ಕೆಳಗಿಡುವ ಮೊದಲೇ ಅಮ್ಮ ಹಿತ್ತಲಿನಿಂದ ಕೂಗಿದರು: ‘ರೀ, ಮತ್ತೆ ಗುಂಯ್ ಅಂತಿದೆ, ಬನ್ರೀ.’ ಅಪ್ಪ ಗಾಬರಿಯೇನೂ ಇಲ್ಲದೆ ಎದ್ದು ಹೋದರು. ಏನಪ್ಪಾ ಅಂತ ನಾನೂ ಹಿಂದೆ ಹೋದೆ. ನೋಡಿದರೆ ಸಂಪಿನ ಪಕ್ಕದ ಅರ್ಧ ಎಚ್‌ಪಿ ಮೋಟರ್‌ನ ಹಿಂದಿನ ಫ್ಯಾನ್ ಕವರ್ ಬಿಚ್ಚಿಟ್ಟಿದೆ. ಅಪ್ಪ ಗೋಡೆಗೆ ಒರಗಿಸಿಟ್ಟಿದ್ದ ಮರದ ಕಡ್ಡಿ ತಗೊಂಡು, ಕರೆಂಟ್ ಇರುವಾಗಲೇ ಫ್ಯಾನಿನ ರೆಕ್ಕೆಗೆ ಒಂದು ತಳ್ಳು ಕೊಟ್ಟರು. ಮೋಟರ್ ಬುರ್ರನೆ ಓಡಿತು. ನೆಲ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ಅಪ್ಪನಿಗೆ ಅರವತ್ತಾರು ವರ್ಷ.

‘ಎಷ್ಟು ದಿನದಿಂದ ಹೀಗೆ?’ ಅಂದೆ.

‘ಗೌರಿ ಹಬ್ಬದಿಂದ ಇರಬೇಕು. ಕಂಡೆನ್ಸರ್ ಹಾಕ್ಸಿದ್ರೆ ಹದಿನೈದು ದಿನ ಸರಿಯಾಗ್ತದೆ, ಆಮೇಲೆ ಇದೇ ಕಥೆ.’

ಲೆಕ್ಕ ಕೇಳಿದಾಗ ಇನ್ನೂ ಇತ್ತು. ಒಂದು ವರ್ಷದಲ್ಲಿ ಮೂರು ಸಲ ಕೆಪಾಸಿಟರ್ (ಅಂಗಡಿಯವರ ಬಾಯಲ್ಲಿ, ಅಪ್ಪನ ಬಾಯಲ್ಲಿ ಕಂಡೆನ್ಸರ್), ಒಂದು ಸಲ ಪೂರ್ತಿ ರೀವೈಂಡಿಂಗ್. ಈಗ ಅಂಗಡಿಯವರು ‘ಮೋಟರ್ ಹಳೇದಾಯ್ತು ಸಾರ್, ಹೊಸದು ತಗೊಂಡುಬಿಡಿ’ ಅಂದಿದ್ದಾರೆ. ಅಮ್ಮ ಸಂಪಿನಿಂದ ಬಿಂದಿಗೆಯಲ್ಲಿ ನೀರು ಸೇದಿ ಬಚ್ಚಲಿಗೆ ಹೊತ್ತ ದಿನಗಳೂ ಇವೆಯಂತೆ. ಫೋನಲ್ಲಿ ಒಂದು ಮಾತೂ ಹೇಳಿರಲಿಲ್ಲ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಮಾಡುವುದು ಸಾಫ್ಟ್‌ವೇರ್. ಮೋಟರ್ ಬಗ್ಗೆ ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಪೇಪರ್ ಬರೆದು ಪಾಸಾಗಿದ್ದೆ ಅಷ್ಟೆ. ಆದರೂ ಆ ಸಂಜೆ ಬಹಳ ಜೋರಾಗಿ ‘ಅಪ್ಪ, ಇದು ಕೆಪಾಸಿಟರೇ. ಲೋಕಲ್ ಮಾಲು ಹಾಕಿರ್ತಾರೆ, ನಾಳೆ ಒಳ್ಳೇದು ತರ್ತೀನಿ’ ಅಂದುಬಿಟ್ಟೆ. ನನ್ನ ಮಾತು ಅರ್ಧ ಸರಿಯಿತ್ತು. ಆ ಅರ್ಧವೇ ಇಡೀ ವರ್ಷ ಎಲ್ಲರ ದಾರಿ ತಪ್ಪಿಸಿದ್ದು.

ಹೊಲಿಗೆ ಮೆಷಿನ್ನಿನ ಚಕ್ರ

ಮೋಟರ್ ಯಾಕೆ ಗುಂಯ್‌ಗುಡುತ್ತೆ ಅನ್ನುವುದನ್ನು ನನಗೆ ಅರ್ಥ ಮಾಡಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಅಮ್ಮನ ಹಳೇ ಕಾಲ್ತುಳಿತದ ಹೊಲಿಗೆ ಮೆಷಿನ್. ಪೆಡಲ್ ಒಂದೊಂದು ಸಲ ಎಂಥಾ ಜಾಗದಲ್ಲಿ ನಿಂತಿರುತ್ತೆ ಅಂದರೆ, ಎಷ್ಟು ತುಳಿದರೂ ಚಕ್ರ ಅಲ್ಲಾಡುವುದಿಲ್ಲ. ಬಲ ಇದೆ, ತಿರುಗುವ ದಿಕ್ಕು ಇಲ್ಲ. ಆಗ ಅಮ್ಮ ಕೈಯಿಂದ ಚಕ್ರವನ್ನು ಸ್ವಲ್ಪ ತಿರುಗಿಸುತ್ತಾರೆ, ಆಮೇಲೆ ಕಾಲು ತಾನೇ ಓಡಿಸುತ್ತೆ. ತಪ್ಪು ದಿಕ್ಕಿಗೆ ತಿರುಗಿಸಿದರೆ ಆ ದಿಕ್ಕಿಗೂ ಓಡುತ್ತೆ, ದಾರ ಕಿತ್ತುಹೋಗುತ್ತೆ.

ಸಿಂಗಲ್ ಫೇಸ್ ಮೋಟರ್‌ನ ಮುಖ್ಯ ವೈಂಡಿಂಗ್ ಹೀಗೇ. ಅದರ ಅಯಸ್ಕಾಂತ ಸೆಕೆಂಡಿಗೆ 50 ಆವರ್ತನದಂತೆ ಒಂದೇ ಗೆರೆಯ ಮೇಲೆ ಅತ್ತಿಂದಿತ್ತ ಬಡಿಯುತ್ತೆ, ಸುತ್ತುವುದಿಲ್ಲ. ನಿಂತಿರುವ ರೋಟರ್‌ಗೆ ಎರಡೂ ಕಡೆಯಿಂದ ಸಮ ತಳ್ಳು. ನಮಗೆ ಕೇಳುವ ಗುಂಯ್ ಸದ್ದು ಈ ಬಡಿತದ್ದೇ. ಅಮ್ಮನ ಕೈಯ ಕೆಲಸ ಮಾಡುವುದಕ್ಕೆ ಎರಡನೇ ವೈಂಡಿಂಗ್ ಒಂದಿದೆ, ಅದರ ಜೊತೆ ಸಾಲಾಗಿ ಕೆಪಾಸಿಟರ್. ಕೆಪಾಸಿಟರ್ ಆ ವೈಂಡಿಂಗಿನ ಕರೆಂಟನ್ನು ಮುಖ್ಯ ವೈಂಡಿಂಗಿನ ಕರೆಂಟಿಗಿಂತ ಸ್ವಲ್ಪ ಮುಂದೆ ಓಡಿಸುತ್ತೆ. ಎರಡು ಬಡಿತಗಳು ಒಂದರ ಹಿಂದೆ ಒಂದು ಬಂದಾಗ ಅದೊಂದು ಸುತ್ತುವ ತಳ್ಳಾಗುತ್ತೆ, ರೋಟರ್ ಅದರ ಹಿಂದೆ ಓಡುತ್ತೆ.

ಹಾಗಾಗಿ ಗುಂಯ್ ಅಂದು ನಿಂತ ಮೋಟರ್ ಹೇಳುವುದು ಇಷ್ಟೇ: ಮುಖ್ಯ ವೈಂಡಿಂಗಿಗೆ ಕರೆಂಟ್ ಬರ್ತಾ ಇದೆ, ಆದರೆ ತಿರುಗಿಸುವ ಬಲಕ್ಕಿಂತ ತಡೆಯುವ ಬಲ ಜಾಸ್ತಿ. ಎರಡನೇ ವೈಂಡಿಂಗಿನ ಕಡೆ ಕೆಪಾಸಿಟರ್ ಸೋತು ತಳ್ಳು ಕಮ್ಮಿಯಾಗಿರಬಹುದು. ರೋಟರ್ ಅಥವಾ ಪಂಪು ಹಿಡಿದುಕೊಂಡು ತಡೆ ಜಾಸ್ತಿಯಾಗಿರಬಹುದು. ಇಲ್ಲವೇ ವೋಲ್ಟೇಜ್ ಇಲ್ಲದೆ ಎಲ್ಲಾ ತಳ್ಳೂ ಬಡಕಲಾಗಿರಬಹುದು. ಮೂರಕ್ಕೂ ಸದ್ದು ಒಂದೇ. ‘ಸೌಂಡ್ ಕೇಳೇ ಹೇಳ್ಬಿಡ್ತೀನಿ’ ಅನ್ನುವವರ ಮಾತನ್ನು ನಾನಂತೂ ಈಗ ನಂಬುವುದಿಲ್ಲ.

ಇಲ್ಲೇ ಒಂದು ಮಾತು. ತಿರುಗುತ್ತಿರುವ ಮೋಟರ್ ತನ್ನ ಕರೆಂಟನ್ನು ತಾನೇ ತಡೆದುಕೊಳ್ಳುತ್ತೆ, ನಿಂತ ಮೋಟರ್‌ಗೆ ಆ ತಡೆ ಇಲ್ಲ. ನಮ್ಮ ಮೋಟರ್‌ನ ನೇಮ್‌ಪ್ಲೇಟ್‌ನಲ್ಲಿ 3.2 ಆಂಪ್ ಅಂತ ಇದೆ. ಗುಂಯ್‌ಗುಡುವಾಗ ಕಮ್ಮಿ ವೋಲ್ಟೇಜ್‌ನಲ್ಲೂ ಅದು 9 ಆಂಪ್ ಎಳೆಯುತ್ತಿತ್ತು. ಕರೆಂಟ್ ಸುಮಾರು ಮೂರರಷ್ಟಾದರೆ ವೈಂಡಿಂಗಿನ ಬಿಸಿ ಎಂಟು ಪಟ್ಟು, ಅದೂ ಫ್ಯಾನ್ ತಿರುಗದೆ. ‘ಇರು, ಈಗ ಓಡುತ್ತೆ’ ಅಂತ ಸ್ವಿಚ್ ಹಾಕಿಟ್ಟು ಕಾಯುವುದೇ ವೈಂಡಿಂಗ್ ಸುಡುವ ದಾರಿ. ಪರೀಕ್ಷೆಗಾದರೂ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಬೇಡ, ಎರಡು ಪ್ರಯತ್ನದ ನಡುವೆ ಕೆಲವು ನಿಮಿಷ ಆರಲು ಬಿಡಿ.

ಹೊಸ ಕೆಪಾಸಿಟರ್, ಹಳೇ ಸದ್ದು

ಮಾರನೇ ದಿನ ತಿಪಟೂರಿಗೆ ಹೋಗಿ 10 ಮೈಕ್ರೋಫ್ಯಾರಡ್, 440 ವೋಲ್ಟ್‌ನ ಒಂದು ಕೆಪಾಸಿಟರ್ ತಂದೆ. ಹಾಗೇ ಒಂದು ಮಲ್ಟಿಮೀಟರ್, ಒಂದು ಟಾಂಗ್ ಟೆಸ್ಟರ್ ಕೂಡ. ಟಾಂಗ್ ಟೆಸ್ಟರ್ ಅಂದರೆ ವೈರನ್ನು ಕತ್ತರಿಸದೆ, ಇಕ್ಕಳದ ಹಾಗೆ ಅದರ ಸುತ್ತ ಹಿಡಿದು ಆಂಪ್ ನೋಡುವ ಸಾಧನ. ಕೆಪಾಸಿಟರ್ ಬೆಲೆ ನೂರು ರೂಪಾಯಿ ಆಸುಪಾಸು, ಉಳಿದದ್ದಕ್ಕೆ ನನ್ನ ವೀಕೆಂಡಿನ ಪಿಜ್ಜಾ ದುಡ್ಡು ಹೋಯಿತು.

ಹಳೇದನ್ನು ಬಿಚ್ಚುವ ಮೊದಲು ಮೇನ್ ಆಫ್ ಮಾಡಿದೆ. ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ, ಹಾಗಾಗಿ ಹೋಲ್ಡರ್‌ಗೆ ಹಾಕಿದ ಹಳೇ ಮಾದರಿಯ ತಂತಿ ಬಲ್ಬಿನ ಎರಡು ವೈರುಗಳನ್ನು ಅದರ ಎರಡು ತುದಿಗೆ ಕೆಲವು ಸೆಕೆಂಡ್ ಮುಟ್ಟಿಸಿ ಖಾಲಿ ಮಾಡಿದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವುದನ್ನು ಬಹಳ ಜನ ಮಾಡುತ್ತಾರೆ. ಕಿಡಿ ಕಣ್ಣಿಗೆ ಹಾರುತ್ತೆ, ಕೆಪಾಸಿಟರ್ ಚೆನ್ನಾಗಿದ್ದರೂ ಕೆಡಬಹುದು. ಎರಡೂ ವೈರ್ ಬಿಡಿಸಿ ಮೀಟರ್‌ಗೆ ಕೊಟ್ಟಾಗ 7.1 ಮೈಕ್ರೋಫ್ಯಾರಡ್ ತೋರಿಸಿತು. ಮೈಮೇಲೆ 10, ಐದು ಪರ್ಸೆಂಟ್ ಹೆಚ್ಚುಕಮ್ಮಿ ಅಂತ ಬರೆದಿದೆ. ಅಂದರೆ 9.5ರ ಕೆಳಗೆ ಬರಬಾರದಿತ್ತು.

‘ನೋಡಿ, ಹೇಳಲಿಲ್ವಾ?’ ಅಂತ ಅಪ್ಪನಿಗೆ ಮೀಟರ್ ತೋರಿಸಿದೆ. ಹೊಸದು ಹಾಕಿದೆ, ಮೂರು ಗಂಟೆಗೆ ಸ್ವಿಚ್ ಒತ್ತಿದೆ, ಕಡ್ಡಿ ಇಲ್ಲದೆ ಓಡಿತು. ಫ್ಯಾನ್ ಕವರ್ ಹಾಕಿ ಸ್ಕ್ರೂ ಬಿಗಿ ಮಾಡಿದೆ. ಅಮ್ಮ ನನಗಾಗಿ ಎತ್ತಿಟ್ಟಿದ್ದ ಕಜ್ಜಾಯದಲ್ಲಿ ಒಂದು ಹೆಚ್ಚಿಗೆ ಸಿಕ್ಕಿತು.

ಸಂಜೆ ಏಳಕ್ಕೆ ಮತ್ತೆ ಗುಂಯ್.

ನಮ್ಮ ಕೆಲಸದಲ್ಲಿ ಇದಕ್ಕೊಂದು ಪ್ರಸಿದ್ಧ ಮಾತಿದೆ: ನನ್ನ ಕಂಪ್ಯೂಟರಲ್ಲಿ ಓಡ್ತಿತ್ತು. ಮಧ್ಯಾಹ್ನ ಓಡಿದ್ದು ಸಂಜೆ ಓಡುತ್ತಿಲ್ಲ ಅಂದರೆ ಮೋಟರ್ ಬದಲಾಗಿಲ್ಲ, ಸುತ್ತಲಿನದ್ದೇನೋ ಬದಲಾಗಿದೆ. ಇದು ಹೊಳೆದಾಗ ಅಪ್ಪ ಹೇಳಿದ್ದ ‘ಹದಿನೈದು ದಿನ ಸರಿಯಾಗ್ತದೆ’ ಅನ್ನುವುದೂ ಬೇರೆ ಥರ ಕೇಳಿಸಿತು. ಪ್ರತಿ ಸಲ ಹೊಸ ಕೆಪಾಸಿಟರ್ ಬಂದಾಗ ಸ್ಟಾರ್ಟ್ ಮಾಡುವ ಬಲ ಸ್ವಲ್ಪ ಏರುತ್ತಿತ್ತು, ಮೋಟರ್ ಗೆರೆಯ ಈಚೆ ಬಂದು ಓಡುತ್ತಿತ್ತು. ಎಲ್ಲರೂ ರೋಗ ಸಿಕ್ಕಿತು ಅಂದುಕೊಳ್ಳುತ್ತಿದ್ದರು. ನಿಜವಾದ ರೋಗ ಬೆಳೆಯುತ್ತಾ ಹೋದ ಹಾಗೆ ಮತ್ತೆ ಗೆರೆಯ ಆಚೆ.

ಅಪ್ಪನ ಕಡ್ಡಿಯೂ ಇದೇ ಮೋಸ ಮಾಡಿತ್ತು. ‘ತಳ್ಳಿದರೆ ಓಡುತ್ತೆ ಅಂದರೆ ಕಂಡೆನ್ಸರ್’ ಅಂತ ಎಲ್ಲರೂ ಹೇಳುತ್ತಾರೆ. ಕೆಪಾಸಿಟರ್ ಪೂರ್ತಿ ಸತ್ತಿದ್ದರೆ ತಳ್ಳಿದ ದಿಕ್ಕಿಗೆ ಓಡುವುದು ನಿಜ, ಅಮ್ಮನ ಚಕ್ರದ ಹಾಗೆ ಉಲ್ಟಾ ಕೂಡ. ಎರಡನೇ ವೈಂಡಿಂಗ್ ಕಡಿದಿದ್ದರೂ ಹಾಗೇ. ಆದರೆ ವೋಲ್ಟೇಜ್ ಕಮ್ಮಿಯಿದ್ದಾಗಲೂ ತಳ್ಳಿದರೆ ಎಷ್ಟೋ ಸಲ ಓಡುತ್ತೆ. ಕಡ್ಡಿ ಮೂರನ್ನೂ ಬೇರೆ ಮಾಡುವುದಿಲ್ಲ, ಬೆರಳನ್ನು ಮಾತ್ರ ಕೈಯಿಂದ ಬೇರೆ ಮಾಡಬಲ್ಲದು.

ಮೊದಲು ಕೈಯಿಂದ ತಿರುಗಿಸಬೇಕಿತ್ತು

ನಾನು ಶುರು ಮಾಡಿದ್ದೇ ತಪ್ಪು ತುದಿಯಿಂದ. ಖರ್ಚಿಲ್ಲದ, ಕರೆಂಟೇ ಬೇಡದ ಪರೀಕ್ಷೆ ಮೊದಲು ಮಾಡಬೇಕಿತ್ತು. ಮೇನ್ ಆಫ್ ಮಾಡಿ, ಪ್ಲಗ್ ಇದ್ದರೆ ಕಿತ್ತು, ಫ್ಯಾನ್ ಕವರ್ ಬಿಚ್ಚಿ, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡುವುದು. ಕೆಲವು ಪಂಪುಗಳಲ್ಲಿ ಶಾಫ್ಟಿನ ತುದಿಯಲ್ಲೇ ಸ್ಕ್ರೂಡ್ರೈವರ್ ಇಡಲು ಗಾಡಿ ಇರುತ್ತೆ, ಕವರ್ ಬಿಚ್ಚುವುದೂ ಬೇಡ.

ನಮ್ಮದು ತಿರುಗಿತು. ಟೇಬಲ್ ಫ್ಯಾನಿನ ಹಾಗೆ ಗರಗರ ಸುತ್ತಲಿಲ್ಲ, ಸ್ವಲ್ಪ ಬಿಗಿಯಿತ್ತು, ಆದರೆ ಇಡೀ ಸುತ್ತು ಒಂದೇ ಸಮ. ನೀರು ಮೋಟರ್ ಕಡೆ ಬಾರದ ಹಾಗೆ ತಡೆಯುವ ಸೀಲ್ ಶಾಫ್ಟಿಗೆ ಒತ್ತಿಕೊಂಡಿರುವುದರಿಂದ ಅಷ್ಟು ಬಿಗಿ ಇರಲೇಬೇಕು. ಅನುಮಾನ ಪಡಬೇಕಾದ್ದು ಒಂದು ಜಾಗದಲ್ಲಿ ತಟ್ಟಿ ನಿಂತರೆ, ಕರಕರ ಅಂದರೆ, ಅಥವಾ ಅಲ್ಲಾಡಲೇ ಇಲ್ಲ ಅಂದರೆ.

ಅಲ್ಲಾಡದೇ ಇರುವುದು ಹೇಗಿರುತ್ತೆ ಅಂತ ನೋಡಿದ್ದು ಅದೇ ರಜೆಯಲ್ಲಿ, ಅರಸೀಕೆರೆಯ ಚಿಕ್ಕಮ್ಮನ ಮನೆಯಲ್ಲಿ. ಅವರು ಮಗಳ ಬಾಣಂತನಕ್ಕೆ ಹೋಗಿ ನಾಲ್ಕು ತಿಂಗಳು ಮನೆ ಬೀಗ ಹಾಕಿದ್ದರು. ಬಂದು ಸ್ವಿಚ್ ಹಾಕಿದರೆ ಗುಂಯ್. ಕೈಗೆ ಕಲ್ಲಿನ ಹಾಗೆ ಸಿಕ್ಕಿತು. ಮನೆಗೆ ಹಾಕುವ ಸಣ್ಣ ಸೆಲ್ಫ್ ಪ್ರೈಮಿಂಗ್ ಪಂಪುಗಳಲ್ಲಿ ಹಿತ್ತಾಳೆಯ ಇಂಪೆಲ್ಲರ್‌ಗೂ ಅದರ ಗೂಡಿಗೂ ನಡುವೆ ಕಾಗದದಷ್ಟೇ ಸಂದು. ಬೋರಿನ ಗಡಸು ನೀರು ಒಳಗೆ ನಿಂತು ಒಣಗಿದರೆ ಬಿಳಿ ಗಾರೆ ಕಟ್ಟುತ್ತೆ, ಎರಕದ ಕಬ್ಬಿಣಕ್ಕೆ ತುಕ್ಕು ಬರುತ್ತೆ, ಎರಡೂ ಸೇರಿ ಇಂಪೆಲ್ಲರನ್ನು ಅಂಟಿಸಿಬಿಡುತ್ತೆ. ಪಂಪಿಗೆ ನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು, ಶಾಫ್ಟಿನ ಗಾಡಿಗೆ ಸ್ಕ್ರೂಡ್ರೈವರ್ ಇಟ್ಟು, ಒಂದೇ ಕಡೆ ಜೋರು ಮಾಡದೆ ಅತ್ತಿತ್ತ ಸಣ್ಣಗೆ ಅಲ್ಲಾಡಿಸಿದೆವು. ಕಟ್ ಅಂತ ಬಿಟ್ಟುಕೊಂಡಿತು. ಬಿಡದಿದ್ದರೆ ಮುಂದಿನ ಬೋಲ್ಟುಗಳನ್ನು ಬಿಚ್ಚಿ ಪಂಪಿನ ಮುಖ ತೆಗೆಯಬೇಕಿತ್ತು. ಇಂಪೆಲ್ಲರ್ ಗೂಡಿನಿಂದ ಬಿಡಿಸಿಕೊಂಡ ಮೇಲೆ ಶಾಫ್ಟ್ ಸಲೀಸಾಗಿ ತಿರುಗಿದರೆ ತೊಂದರೆ ಪಂಪಿನದ್ದು. ಆಗಲೂ ತಿರುಗದಿದ್ದರೆ ಬೇರಿಂಗ್ ಹಿಡಿದಿದೆ. ಸೀಲ್ ಸೋರಿ ನೀರು ಬೇರಿಂಗಿಗೆ ಹೋಗಿರುವುದೇ ಹೆಚ್ಚು. ಅದು ಅಂಗಡಿಯ ಕೆಲಸ. ಕೆಪಾಸಿಟರ್ ಬದಲಾಯಿಸಿ ಇದನ್ನು ಗೆಲ್ಲಲು ಆಗುವುದಿಲ್ಲ, ದೊಡ್ಡ ಕೆಪಾಸಿಟರ್ ಹಾಕಿದರಂತೂ ಇನ್ನೂ ಅನಾಹುತ. ಹತ್ತರ ಜಾಗಕ್ಕೆ ಇಪ್ಪತ್ತೈದು ಹಾಕಿ ‘ಈಗ ಎಳೆಯುತ್ತೆ ನೋಡಿ’ ಅನ್ನುವವರಿದ್ದಾರೆ. ಮೋಟರ್ ಓಡುವಷ್ಟು ಹೊತ್ತೂ ಎರಡನೇ ವೈಂಡಿಂಗ್ ಆ ಹೆಚ್ಚಿನ ಕರೆಂಟನ್ನು ಹೊರಬೇಕು, ಕೆಲವೇ ದಿನದಲ್ಲಿ ಸುಟ್ಟ ವಾಸನೆ ಬರುತ್ತೆ.

ಗುಂಯ್‌ಗುಡುವಾಗಲೇ ಅಳೆಯಬೇಕು

ನಮ್ಮನೆಯ ಕಥೆಗೆ ಬರೋಣ. ರೋಟರ್ ಸಡಿಲ, ಕೆಪಾಸಿಟರ್ ಹೊಸದು. ಉಳಿದದ್ದು ವೋಲ್ಟೇಜ್. ಅಂಗಡಿಯವರೂ ಅದನ್ನು ನೋಡಿದ್ದರಂತೆ: ಸ್ವಿಚ್ ಹತ್ತಿರ ಮೀಟರ್ ಇಟ್ಟು ‘ಇನ್ನೂರ ಹತ್ತು ಇದೆ, ಸಾಕು’ ಅಂದಿದ್ದರು. ನಾನು ಅಳೆದಾಗಲೂ ಮೋಟರ್ ಆಫ್ ಇರುವಾಗ 212. ಸಂಜೆ ಎಲ್ಲರ ಮನೆಯಲ್ಲೂ ದೀಪ, ಟೀವಿ, ಮೋಟರ್ ಇರುವಾಗ ನಮ್ಮೂರಿಗೆ ಅದು ಕೆಟ್ಟದ್ದಲ್ಲ.

ಆದರೆ ಕರೆಂಟ್ ಹರಿಯದೇ ಇರುವಾಗಿನ ವೋಲ್ಟೇಜ್ ಏನನ್ನೂ ಹೇಳುವುದಿಲ್ಲ. ನಲ್ಲಿ ಮುಚ್ಚಿರುವಾಗ ಪೈಪಿನಲ್ಲಿ ಎಷ್ಟು ಕಸ ಕಟ್ಟಿದ್ದರೂ ಒತ್ತಡ ಪೂರ್ತಿ ಇರುತ್ತೆ, ತೆರೆದಾಗ ಮಾತ್ರ ಸಣ್ಣ ಧಾರೆ. ಅಳೆಯಬೇಕಾದ್ದು ಮೋಟರ್ ಗುಂಯ್ ಅನ್ನುತ್ತಿರುವ ಆ ಮೂರು ಸೆಕೆಂಡಿನಲ್ಲಿ, ಅದೂ ಮೋಟರ್‌ನ ಟರ್ಮಿನಲ್ ಮೇಲೆ.

ಲೈವ್ ಟರ್ಮಿನಲ್ ಹತ್ತಿರ, ಸಂಪಿನ ಪಕ್ಕ, ಈ ಕೆಲಸ ನಾನೊಬ್ಬನೇ ಮಾಡಲಿಲ್ಲ. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದುಕೊಂಡು ಬಂದೆ. ನೆಲ ಒರೆಸಿ ಒಣ ಮರದ ಹಲಗೆ ಹಾಕಿದೆವು, ಕಾಲಿಗೆ ರಬ್ಬರ್ ಚಪ್ಪಲಿ, ಕರೆಂಟ್ ಆಫ್ ಇರುವಾಗಲೇ ಮೀಟರ್‌ನ ಕ್ಲಿಪ್ಪುಗಳನ್ನು ಸಿಕ್ಕಿಸಿದೆವು, ಆಮೇಲೆ ಅಪ್ಪ ದೂರದಿಂದ ಸ್ವಿಚ್ ಹಾಕಿ ತೆಗೆದರು. ಅಭ್ಯಾಸವಿಲ್ಲದಿದ್ದರೆ ಇದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಆದರೆ ‘ಮೋಟರ್ ಆನ್ ಮಾಡಿ ಅಳೆಯಿರಿ’ ಅಂತ ನೀವು ಹೇಳಬಹುದು.

ಮೋಟರ್ ಟರ್ಮಿನಲ್‌ನಲ್ಲಿ 164 ವೋಲ್ಟ್. ಕರೆಂಟ್ 9 ಆಂಪ್.

ಮೋಟರ್‌ನ ತಿರುಗಿಸುವ ಬಲ ವೋಲ್ಟೇಜ್‌ನ ವರ್ಗದಂತೆ ಇಳಿಯುತ್ತೆ. 164ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: 0.51. ವೋಲ್ಟೇಜ್ ಕಮ್ಮಿಯಾದದ್ದು ಮೂರನೇ ಒಂದು ಭಾಗಕ್ಕಿಂತ ಕಮ್ಮಿ, ಬಲ ಮಾತ್ರ ಅರ್ಧಕ್ಕೆ ಬಂತು. ಈ ಬಗೆಯ, ಓಡುವಾಗಲೂ ಅದೇ ಕೆಪಾಸಿಟರ್ ಇಟ್ಟುಕೊಳ್ಳುವ ಮೋಟರ್‌ಗಳಿಗೆ ಮೊದಲೇ ಸ್ಟಾರ್ಟ್ ಬಲ ಕಮ್ಮಿ. ಅದರಲ್ಲಿ ಅರ್ಧ ಹೋದರೆ ಸೀಲಿನ ಬಿಗಿಯೇ ಅದನ್ನು ನಿಲ್ಲಿಸಬಲ್ಲದು.

‘ಲೈನೇ ವೀಕ್ ಬಿಡಿ, ಸ್ಟೆಬಿಲೈಸರ್ ಹಾಕ್ಸಿ’ ಅಂದ ಅಣ್ಣ. ಅದು ಸಾಧ್ಯ. ಆದರೆ ಇನ್ನೊಂದು ಅಳತೆ ಬಾಕಿ ಇತ್ತು. ಅದೇ ಮೂರು ಸೆಕೆಂಡಿನಲ್ಲಿ ಮನೆ ಮುಂದಿನ ಮೇನ್ ಬೋರ್ಡಿನಲ್ಲಿ ಎಷ್ಟಿರುತ್ತೆ? ಅಲ್ಲೂ 164ರ ಹತ್ತಿರ ಬಿದ್ದಿದ್ದರೆ ತೊಂದರೆ ಕಂಬದ ಕಡೆಯದ್ದು, ವಿದ್ಯುತ್ ಕಂಪನಿಗೆ ದೂರು ಕೊಡಬೇಕು. ಅಳೆದಾಗ ಬಂದದ್ದು 204. ಬೀದಿಯಿಂದ ಮನೆ ಬಾಗಿಲವರೆಗೆ ಕರೆಂಟ್ ಸರಿಯಾಗೇ ಬರ್ತಿದೆ. ಬಾಗಿಲಿಂದ ಹಿತ್ತಲಿಗೆ ಬರುವಷ್ಟರಲ್ಲಿ 40 ವೋಲ್ಟ್ ಮಾಯ.

ನಿಂತ ಮೋಟರ್ ಜಾಸ್ತಿ ಕರೆಂಟ್ ಎಳೆಯುವುದರಿಂದ ವೋಲ್ಟೇಜ್ ಸ್ವಲ್ಪ ಬೀಳುವುದು ಸಹಜ ಅಲ್ಲವಾ ಅಂತ ಕೇಳಬಹುದು. ನಾನೂ ಕೇಳಿಕೊಂಡೆ. ರೋಟರ್ ಹಿಡಿದ ಮೋಟರ್‌ನಲ್ಲೂ ಮೀಟರ್ ಬೀಳುತ್ತೆ, ಅದನ್ನು ನೋಡಿ ‘ಲೋ ವೋಲ್ಟೇಜ್’ ಅಂದುಬಿಡಬಾರದು. ಎಷ್ಟು ಬಿದ್ದರೆ ಸಹಜ ಅಂತ ಲೆಕ್ಕ ಹಾಕಬೇಕು. ನಮ್ಮಲ್ಲಿ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ದೂರ ಸುಮಾರು 30 ಮೀಟರ್. ಹೋಗಿ ಬರುವುದು ಸೇರಿ 60 ಮೀಟರ್. ಈ ವೈರಿನ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 12 ಓಮ್, ಅಂದರೆ ನಮ್ಮದಕ್ಕೆ 0.72 ಓಮ್. 9 ಆಂಪ್‌ಗೆ ಆರೂವರೆ ವೋಲ್ಟ್ ಬೀಳಬೇಕು. ಬಿದ್ದದ್ದು ನಲವತ್ತು. ದಾರಿಯಲ್ಲಿ ಯಾರೋ ಕೂತು ತಿನ್ನುತ್ತಿದ್ದಾರೆ.

ಹುಡುಕುವುದು ಸುಲಭವಾಯಿತು. ಮೀಟರ್‌ನ ಎರಡು ಕ್ಲಿಪ್ಪನ್ನು ಫೇಸ್-ನ್ಯೂಟ್ರಲ್ ನಡುವೆ ಇಡದೆ, ಒಂದೇ ವೈರಿನ ದಾರಿಯಲ್ಲಿ, ಸ್ವಿಚ್‌ನ ಒಳಬರುವ ಮತ್ತು ಹೊರಹೋಗುವ ಟರ್ಮಿನಲ್ ನಡುವೆ ಇಡುವುದು. ಒಳ್ಳೆಯ ಸ್ವಿಚ್ಚಾದರೆ ಮೋಟರ್ ಆನ್ ಇರುವಾಗ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಸಂಪಿನ ಪಕ್ಕದ ಡಬಲ್ ಪೋಲ್ ಸ್ವಿಚ್‌ನ ಫೇಸ್ ಕಡೆ ಅರ್ಧ ವೋಲ್ಟೂ ಇಲ್ಲ. ನ್ಯೂಟ್ರಲ್ ಕಡೆ 37. (ಎಸಿಯಲ್ಲಿ ಈ ಅಂಕಿಗಳನ್ನು ನೇರ ಕೂಡಿದರೆ ಪೈಸೆ ಪೈಸೆ ಹೊಂದುವುದಿಲ್ಲ, ಆದರೆ ಕಳ್ಳ ಯಾರು ಅನ್ನುವುದಕ್ಕೆ ಸಾಕು.)

ಮೇನ್ ಆಫ್ ಮಾಡಿ ಸ್ವಿಚ್ ಬಿಚ್ಚಿದೆವು. ನ್ಯೂಟ್ರಲ್ ಟರ್ಮಿನಲ್‌ನ ಸ್ಕ್ರೂ ಸಡಿಲ. ತಾಮ್ರ ಕಪ್ಪಗಾಗಿ ಮುಟ್ಟಿದರೆ ಮುರಿಯುವ ಹಾಗಿತ್ತು, ವೈರಿನ ಕವಚ ಬೆರಳಿನ ಅಗಲ ಕರಗಿ ಕಂದಾಗಿತ್ತು, ಸ್ವಿಚ್ಚಿನ ಹಿಂಬದಿ ಪ್ಲಾಸ್ಟಿಕ್ ಉಬ್ಬಿತ್ತು. 37 ವೋಲ್ಟನ್ನು 9 ಆಂಪ್‌ನಿಂದ ಗುಣಿಸಿದರೆ 333 ವಾಟ್. ಪ್ರತಿ ಸಂಜೆ ಮೋಟರ್ ಗುಂಯ್ ಅನ್ನುವಾಗ ಒಂದು ಸ್ಕ್ರೂವಿನ ಕೆಳಗೆ ಅಷ್ಟು ಬಿಸಿ ಹುಟ್ಟುತ್ತಿತ್ತು, ಆ ಸ್ವಿಚ್ಚಿನ ಮೇಲೇ ಅಮ್ಮನ ಕೈ. ಬಿಸಿಗೆ ತಾಮ್ರ ಇನ್ನಷ್ಟು ಕಪ್ಪಾಗುವುದು, ತಡೆ ಇನ್ನಷ್ಟು ಏರುವುದು. ಹದಿನೈದು ದಿನಕ್ಕೊಮ್ಮೆ ಕಥೆ ಮರುಕಳಿಸಿದ್ದು ಹೀಗೆ. ಮಧ್ಯಾಹ್ನ ಲೈನ್ 230ರ ಹತ್ತಿರ ಇರುವಾಗ ಈ ಸೋರಿಕೆ ಕಳೆದೂ ಸ್ಟಾರ್ಟ್ ಆಗುವಷ್ಟು ಉಳಿಯುತ್ತಿತ್ತು. ಸಂಜೆ ಲೈನ್ ಇಪ್ಪತ್ತು ವೋಲ್ಟ್ ಇಳಿದರೆ ಉಳಿಯುತ್ತಿರಲಿಲ್ಲ.

ರೀವೈಂಡಿಂಗ್ ಅಂಗಡಿಯವರದ್ದು ಪೂರ್ತಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಅವರ ಕೈಗೆ ಬರುವುದು ಬಿಚ್ಚಿ ತಂದ ಮೋಟರ್ ಮಾತ್ರ. ಅಂಗಡಿಯ ಬೆಂಚಿನ ಮೇಲೆ ದಪ್ಪ ವೈರಿನಲ್ಲಿ, ಪಂಪಿನೊಳಗೆ ನೀರಿಲ್ಲದೆ, ಅದು ಚೆನ್ನಾಗಿ ಓಡುತ್ತೆ. ಆದರೆ ಎರಡನೇ ಸಲ ಅದೇ ಮೋಟರ್ ಅದೇ ದೂರಿನೊಂದಿಗೆ ಬಂದಾಗ ‘ಮನೆಯಲ್ಲಿ ಆನ್ ಮಾಡಿದಾಗ ವೋಲ್ಟೇಜ್ ಎಷ್ಟು?’ ಅಂತ ಕೇಳಬಹುದಿತ್ತು. ಅಪ್ಪನ ಎರಡು ಸಾವಿರದ ಮುನ್ನೂರು ಉಳಿಯುತ್ತಿತ್ತು.

ಸುಟ್ಟ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಹೊಸ 20 ಆಂಪ್ ಡಬಲ್ ಪೋಲ್ ಸ್ವಿಚ್ ಹಾಕಿದೆವು. ತುದಿಯನ್ನು ಮಡಿಚಿ ಸ್ಕ್ರೂ ಕೆಳಗೆ ಪೂರ್ತಿ ಕೂರಿಸಿ, ಬಿಗಿ ಮಾಡಿ, ಎಳೆದು ನೋಡಿದೆವು. ಮಾರನೇ ದಿನ ಸಂಜೆ ಏಳೂಕಾಲಿಗೆ, ಮೇನ್ ಬೋರ್ಡಿನಲ್ಲಿ 206 ಇರುವಾಗ ಅಪ್ಪ ಸ್ವಿಚ್ ಹಾಕಿದರು. ಗುಂಯ್ ಅನ್ನಲೂ ಸಮಯ ಸಿಗಲಿಲ್ಲ. ಓಡುವಾಗ 3.1 ಆಂಪ್, ಮೋಟರ್ ಟರ್ಮಿನಲ್‌ನಲ್ಲಿ 203 ವೋಲ್ಟ್. ಕುತೂಹಲಕ್ಕೆ ಹಳೇ 7.1ರ ಕೆಪಾಸಿಟರನ್ನೂ ಒಂದು ಸಲ ಹಾಕಿ ನೋಡಿದೆ. ಒಂದು ಕ್ಷಣ ತಡವರಿಸಿ ಅದರಲ್ಲೂ ಎದ್ದಿತು. ಹಾಗಂತ ಬಿಡಲಿಲ್ಲ, ಹೊಸದನ್ನೇ ವಾಪಸ್ ಹಾಕಿದೆ. ಸಂಪಿನ ಲೈನಿಗೆ ಶಾಕ್ ತಡೆಯುವ ಆರ್‌ಸಿಸಿಬಿ ಇರಲಿಲ್ಲ, ಅದನ್ನೂ ಅಣ್ಣನಿಂದ ಹಾಕಿಸಿದೆ.

ಇಷ್ಟೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ಪಂಪಿನ ಮಾತು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ನೂರಾರು ಅಡಿ ಕೆಳಗಿರುತ್ತೆ, ಶಾಫ್ಟ್ ತಿರುಗಿಸಿ ನೋಡುವ ಹಾಗಿಲ್ಲ. ಅಲ್ಲಿ ಮೇಲಿನ ಪ್ಯಾನೆಲ್ ಬಾಕ್ಸ್ ಒಂದೇ ಗತಿ. ಒಳ್ಳೆಯ ಪ್ಯಾನೆಲ್ ಆದರೆ ವೋಲ್ಟ್, ಆಂಪ್ ಎರಡೂ ಮುಳ್ಳು ಇರುತ್ತೆ. ಸ್ಟಾರ್ಟ್ ಒತ್ತಿದಾಗ ವೋಲ್ಟ್ ಮುಳ್ಳು ಕುಸಿದರೆ ಮೊದಲು ಲೈನು, ಜಾಯಿಂಟು ನೋಡಬೇಕು. ವೋಲ್ಟ್ ಚೆನ್ನಾಗಿದ್ದು ಆಂಪ್ ಮುಳ್ಳು ಮೇಲೇ ಸಿಕ್ಕಿಕೊಂಡರೆ ಬಾಕ್ಸಿನೊಳಗಿನ ಕೆಪಾಸಿಟರ್‌ಗಳು. ಅವು ಬದಲಾಯಿಸಿದ ಮೇಲೂ ಹಾಗೇ ಇದ್ದರೆ ಮರಳು ಸಿಕ್ಕಿ ಪಂಪ್ ಹಿಡಿದಿರಬಹುದು, ಕೇಬಲ್ ಅಥವಾ ವೈಂಡಿಂಗ್ ಹೋಗಿರಬಹುದು. ಪೈಪ್ ಎತ್ತುವ ಖರ್ಚಿಗೆ ಕೈ ಹಾಕುವುದು ಇಷ್ಟು ನೋಡಿದ ಮೇಲೆ.

ಹೊರಡುವ ದಿನ ಹೊಸ ಸ್ವಿಚ್ಚಿನ ಬಾಕ್ಸಿನೊಳಗೆ ಒಂದು ಚೀಟಿ ಅಂಟಿಸಿದೆ: ತಾರೀಖು, ಬೋರ್ಡಿನಲ್ಲಿ 206, ಮೋಟರ್‌ನಲ್ಲಿ 203, ಓಡುವಾಗ 3.1 ಆಂಪ್, ಕೆಪಾಸಿಟರ್ 10. ಮುಂದಿನ ಸಲ ಯಾರೇ ರಿಪೇರಿಗೆ ಬಂದರೂ ಹೋಲಿಸಿ ನೋಡಲು. ಬ್ಯಾಗ್ ಹಿಡಿದು ಹಿತ್ತಲಿಗೆ ಹೋದಾಗ ಗೋಡೆಗೆ ಒರಗಿಸಿಟ್ಟಿದ್ದ ಕಡ್ಡಿ ಕಾಣಲಿಲ್ಲ. ಬೆಳಿಗ್ಗೆ ಸ್ನಾನದ ಹಂಡೆ ಒಲೆಗೆ ಹಾಕಿದೆ ಅಂದರು ಅಮ್ಮ.